ನೂರ ಎಂಬತ್ತು ಗ್ರಾಂ

ಸೇಲಂನ ಒಂದು ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ತರಗತಿಯಲ್ಲಿ ಇಂಗ್ಲಿಷ್. ಹಿಂದೆಂದೋ ಇಲ್ಲಿಗೆ ಬಂದು ನೆಲೆಸಿದ ಕನ್ನಡ ನೇಕಾರರ ಮನೆಯಲ್ಲಿ ಹುಟ್ಟಿದ ನನಗೆ ಇದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಕನ್ನಡದ ಓದು ಬರಹ ಮಾತ್ರ ಕೆಲಸಕ್ಕೆ ಸೇರಿದ ಮೇಲೆ ಹಟ ಹಿಡಿದು ಕಲಿತದ್ದು. ಕಾಲೇಜಿನಲ್ಲಿ ಕನ್ನಡ ಕಿವಿಗೆ ಬೀಳುವುದು ಅಪರೂಪ. ಹಾಗಾಗಿ ಎಂ.ಎಸ್ಸಿ.ಗೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಮೆಟ್ಟಿಲ ಹತ್ತಿರ ನಿಂತು ಫೋನಿನಲ್ಲಿ, "ಉಂಡೆ ಕಣವ್ವಾ, ಬಸ್ಸಿಗೆ ಒತ್ತಾತು, ಇಡ್ಲಾ?" ಅಂದದ್ದು ಕೇಳಿ ನಾನು ನಿಂತೇಬಿಟ್ಟೆ.

ಮೇಚೇರಿಯ ಆಚೆಗಿನ, ಕನ್ನಡ ಮಾತಾಡುವ ಕುರಿಗಾರರ ಒಂದು ಹಟ್ಟಿಯವಳು. ಮನೆಯಲ್ಲಿ ಕುರಿ ಸಾಕುತ್ತಾರೆ, ಸ್ವಲ್ಪ ಒಣ ಬೇಸಾಯ. ಆ ಮನೆಯಿಂದ ಕಾಲೇಜಿಗೆ ಬಂದವರಲ್ಲಿ ಇವಳೇ ಮೊದಲಿಗಳು. ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಸಂಕೋಚ. ಎರಡನೇ ವರ್ಷ ಪ್ರಬಂಧಕ್ಕೆ ವಿಷಯ ಆರಿಸುವಾಗ ಮಾತ್ರ ಸಂಕೋಚವಿಲ್ಲದೆ ನನ್ನ ಕೋಣೆಗೆ ಬಂದು, "ಮೇಡಂ, ನಂಗೆ ಕುರಿ ಬೇಕು" ಅಂದಳು.

ಕುರಿ ಸಿಕ್ಕಿತು. ಕುರಿಗಾರರ ನಡುವೆ ಕೆಲಸ ಮಾಡುವ ಒಂದು ಸಂಸ್ಥೆ ಆ ಸುತ್ತಿನ ಹಟ್ಟಿಗಳಲ್ಲಿ ಒಂದು ಪರೀಕ್ಷೆ ನಡೆಸಿತ್ತು. ಖನಿಜದ ಪುಡಿಯನ್ನು ತೌಡಿನ ಉಂಡೆಯಲ್ಲಿ ಬೆರೆಸಿ ಮರಿಗಳಿಗೆ ತಿನ್ನಿಸಿದರೆ ತೂಕ ಹೆಚ್ಚುತ್ತದೆಯೇ ಎಂಬುದು ಪ್ರಶ್ನೆ. ಒಂದೊಂದು ಮಂದೆಯಲ್ಲೂ ಚೀಟಿ ಎತ್ತಿ ಅರ್ಧ ಮರಿಗಳಿಗೆ ಪುಡಿ ಬೆರೆಸಿದ ಉಂಡೆ, ಉಳಿದರ್ಧಕ್ಕೆ ಬರೀ ತೌಡಿನ ಉಂಡೆ. ಮೂರು ತಿಂಗಳು ತುಂಬಿದಾಗ ತೂಕ. ಎಲ್ಲ ಸೇರಿ ಮೂರು ಸಾವಿರ ಮರಿಗಳು. ಪರೀಕ್ಷೆಯನ್ನು ಚೆನ್ನಾಗಿ ನಡೆಸಿದ್ದರು, ಅದರ ಲೆಕ್ಕ ನೋಡುವ ಕೆಲಸ ಇವಳ ಪಾಲಿಗೆ ಬಂತು. ಪರೀಕ್ಷೆ ನಡೆಯುತ್ತಿದ್ದಾಗ ರಜೆಗಳಲ್ಲಿ ಇವಳೇ ಹೋಗಿ ಎಷ್ಟೋ ಮರಿಗಳನ್ನು ತಕ್ಕಡಿಗೆ ಏರಿಸಿದ್ದಳು.

ಫಲಿತಾಂಶ ಬಂದ ದಿನ ಇಡೀ ವಿಭಾಗಕ್ಕೆ ಮೈಸೂರುಪಾಕು ಹಂಚಿದಳು. ವ್ಯತ್ಯಾಸ ಬರೀ ಆಕಸ್ಮಿಕವೇ ಎಂದು ಪರೀಕ್ಷಿಸಲು ನಾವು ನೋಡುವ ಪಿ ಬೆಲೆ 0.014. ಗೆರೆ ಎಂದು ನಾವು ಕಲಿಸುವ 0.05ಕ್ಕಿಂತ ಎಷ್ಟೋ ಕೆಳಗೆ. ಪ್ರಬಂಧದ ಕರಡಿನ ಕೊನೆಯ ಪುಟದಲ್ಲಿ, ಪುಡಿಯಿಂದ ಮರಿಗಳ ತೂಕ ಸಿಗ್ನಿಫಿಕೆಂಟ್ ಆಗಿ ಏರುತ್ತದೆಂದು ಸಾಬೀತಾಗಿದೆ, ಎಲ್ಲ ಕುರಿಗಾರರೂ ಇದನ್ನು ಬಳಸಬೇಕು ಎಂದು ಬರೆದಿದ್ದಳು. ಅದನ್ನು ಕೊಟ್ಟು ಊರಿಗೆ ಹೋದಳು.

ನಾನು ಲೆಕ್ಕವನ್ನು ಮತ್ತೆ ಮಾಡಿ ನೋಡಿದೆ. ತಪ್ಪಿರಲಿಲ್ಲ. ಪುಡಿ ತಿಂದ ಮರಿಗಳ ಸರಾಸರಿ ತೂಕ ತಿನ್ನದವುಗಳಿಗಿಂತ ನೂರ ಎಂಬತ್ತು ಗ್ರಾಂ ಹೆಚ್ಚು. ಆದರೆ ಆ ಸಂಖ್ಯೆ ಇದ್ದದ್ದು ಹಿಂದಿನ ಒಂದು ಕೋಷ್ಟಕದ ಮೂಲೆಯಲ್ಲಿ. ಕೊನೆಯ ಪುಟದಲ್ಲಿ ಅದರ ಸುಳಿವೇ ಇರಲಿಲ್ಲ.

ಎದುರು ಕೂರಿಸಿ ಹೇಳಿದರೆ ಅವಳು ಎಲ್ಲದಕ್ಕೂ ತಲೆಯಾಡಿಸಿ, ಎದ್ದು ಹೋಗಿ ಅಳುತ್ತಾಳೆಂದು ನನಗೆ ಗೊತ್ತಿತ್ತು. ಆದ್ದರಿಂದ ಪತ್ರ ಬರೆದೆ. ಇಂಗ್ಲಿಷಿನಲ್ಲಿ ಬರೆದರೆ ಮೇಷ್ಟರಮ್ಮನ ಗದರಿಕೆಯಂತೆ ಕಾಣುತ್ತಿತ್ತು. ಕನ್ನಡ ಅಕ್ಷರ ಅವಳಿಗೆ ಬರುವುದಿಲ್ಲ. ಕೊನೆಗೆ ಮನೆಮಾತಿನ ಕನ್ನಡವನ್ನೇ ತಮಿಳು ಅಕ್ಷರದಲ್ಲಿ ಬರೆದೆ. ಗಕಾರ ಕಕಾರ ಎರಡಕ್ಕೂ ಒಂದೇ ಅಕ್ಷರ, ಆದರೂ ಅವಳು ಓದಿಕೊಳ್ಳುತ್ತಾಳೆಂಬ ನಂಬಿಕೆ.

"ನಿನ್ನ ಲೆಕ್ಕ ಸರಿಯಾಗೈತೆ ಕಣಮ್ಮ," ಎಂದು ಶುರುಮಾಡಿದ್ದೆ. "ಪುಡಿಯಿಂದ ಏನೂ ಆಗಲ್ಲ ಅಂತಲೇ ಇಟ್ಟುಕೊ. ಆಗಲೂ ಬರೀ ಚೀಟಿಯ ಅದೃಷ್ಟದಿಂದ ಇಷ್ಟು ದೊಡ್ಡ ವ್ಯತ್ಯಾಸ, ಇಲ್ಲಾ ಇನ್ನೂ ದೊಡ್ಡದು, ಕಾಣಿಸಿಕೊಳ್ಳೋದು ಸಾವಿರಕ್ಕೆ ಹದಿನಾಲ್ಕು ಸಲ. ಪಿ ಹೇಳೋದು ಇಷ್ಟೇ. ವ್ಯತ್ಯಾಸ ಐತಾ ಇಲ್ವಾ ಅನ್ನೋದಕ್ಕೆ ಅದು ಸಾಕ್ಷಿ. ಎಷ್ಟೈತೆ ಅಂತ ಅದು ಹೇಳಲ್ಲ. ಮೂರು ಸಾವಿರ ಮರಿ ತೂಗಿದರೆ ಸಣ್ಣ ವ್ಯತ್ಯಾಸವೂ ಕಣ್ಣಿಗೆ ಬೀಳುತ್ತೆ. ಇದೇ ನೂರ ಎಂಬತ್ತು ಗ್ರಾಂ ಮುನ್ನೂರು ಮರಿಯಲ್ಲಿ ಬಂದಿದ್ದರೆ ನಿನ್ನ ಪಿ ಗೆರೆಯ ಹತ್ತಿರಕ್ಕೂ ಬರ್ತಿರಲಿಲ್ಲ. ಗ್ರಾಂ ಅದೇ, ಮರಿಗಳ ಎಣಿಕೆ ಬೇರೆ.

"ಈಗ ಎಷ್ಟೈತೆ ನೋಡು. ಒಂದೇ ಮಂದೆಯ ಮರಿಗಳೇ ಒಂದಕ್ಕೊಂದು ಎರಡು ಕಿಲೋದಷ್ಟು ಹೆಚ್ಚುಕಮ್ಮಿ ಇರ್ತವೆ. ಆ ಹರವಿನ ಮುಂದೆ ನಿನ್ನ ವ್ಯತ್ಯಾಸ ಹತ್ತನೇ ಒಂದು ಪಾಲೂ ಇಲ್ಲ. ಪುಡಿ ತಿಂದ ಮರಿ ಒಂದು, ತಿನ್ನದ್ದು ಒಂದು, ಕಣ್ಣುಮುಚ್ಚಿ ಹಿಡಿದು ತೂಗು. ಹಾಗೆ ನೂರು ಜೋಡಿ ತೂಗಿದರೆ, ಪುಡಿ ತಿಂದದ್ದು ಹೆಚ್ಚು ತೂಗೋದು ಐವತ್ತೆರಡು ಐವತ್ತಮೂರು ಸಲ. ಪುಡಿಯೇ ಇಲ್ಲದಿದ್ದರೂ ಐವತ್ತು ಆಗ್ತಿತ್ತು. ಸಿಗ್ನಿಫಿಕೆಂಟ್ ಅನ್ನೋ ಮಾತನ್ನ ನಮ್ಮ ಪಾಠದಲ್ಲಿ ಪಿ ಗೆರೆಯ ಕೆಳಗೆ ಬಂತು ಅನ್ನೋ ಅರ್ಥಕ್ಕೆ ಹೇಳ್ತೀವಿ, ಸಂತೆಯಲ್ಲಿ ನಿಂತ ಕುರಿಗಾರನ ಕಿವಿಗೆ ಅದು ದೊಡ್ಡ ಲಾಭ ಅಂತ ಬೀಳುತ್ತೆ. ಪುಡಿ ಕೊಂಡು, ದಿನಾ ಉಂಡೆ ಕಟ್ಟಿ ತಿನ್ನಿಸೋ ಶ್ರಮಕ್ಕೆ ಈ ತೂಕ ಸಾಟಿಯಾ? ಇದನ್ನ ಪಿ ಹೇಳಲ್ಲ, ನಾನೂ ಹೇಳಲಾರೆ. ನಿನಗೆ ಕುರಿಯೂ ಗೊತ್ತು, ಲೆಕ್ಕವೂ ಗೊತ್ತು. ನೀನೇ ಹೇಳಬೇಕು."

ಪತ್ರವನ್ನು ಕರಡಿನ ಮೇಲೆ ಪಿನ್ನು ಮಾಡಿ, ಅವಳ ಊರಿನ ಕಡೆ ಹೋಗುವ ಸಹಪಾಠಿಯ ಕೈಯಲ್ಲಿ ಕಳಿಸಿದೆ.

ಕೆಲವು ದಿನ ಕಳೆದವು. ಆಮೇಲೆ ಒಂದು ಬೆಳಿಗ್ಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ತಲೆಯಾಡಿಸುವ ಹುಡುಗಿ ಅಲ್ಲ ಅವತ್ತು.

"ಮೇಡಂ, 0.05ಕ್ಕಿಂತ ಕಮ್ಮಿ ಬಂದರೆ ಸಿಗ್ನಿಫಿಕೆಂಟ್ ಅಂತ ಬೋರ್ಡ್ ಮೇಲೆ ಬರೆದೋರು ನೀವೇ."

"ಹೌದು. ಈಗಲೂ ಸಿಗ್ನಿಫಿಕೆಂಟೇ. ಅದನ್ನ ಅಳಿಸು ಅಂತ ನಾನು ಬರೆದಿಲ್ಲ."

"ಮತ್ತೆ? ನೂರ ಎಂಬತ್ತು ಗ್ರಾಂ ಚಿಕ್ಕದು ಅಂತ ಯಾರು ತೀರ್ಮಾನ ಮಾಡೋದು? ಸಾವಿರ ಮರಿ ಇರೋನಿಗೆ ಅದು ನೂರ ಎಂಬತ್ತು ಕಿಲೋ."

ಪ್ರಶ್ನೆ ಕೇಳಿ ನನಗೆ ಒಳಗೊಳಗೇ ಸಂತೋಷವಾಯಿತು. ಇಂಥ ಮಾತು ಪಠ್ಯದಲ್ಲಿ ಇರುವುದಿಲ್ಲ. "ಸರಿಯಾದ ಮಾತು," ಅಂದೆ. "ಯಾವ ಸಂಖ್ಯೆಯೂ ತಾನಾಗಿ ಚಿಕ್ಕದಲ್ಲ. ಖರ್ಚಿಲ್ಲದೆ, ಶ್ರಮವಿಲ್ಲದೆ ಬರೋದಾದರೆ ಇಷ್ಟೂ ಲಾಭವೇ. ನಿನ್ನ ಹಟ್ಟಿಯಲ್ಲಿ ಹೇಗೆ, ಹೇಳು."

ಅವಳು ಕುರ್ಚಿಯಲ್ಲಿ ಕೂತಳು. "ನಮ್ಮಲ್ಲಿ ಸಾವಿರ ಮರಿ ಇರೋನು ಯಾರೂ ಇಲ್ಲ," ಅಂದಳು. "ಇಪ್ಪತ್ತು, ಮೂವತ್ತು. ಮರಿ ಒಂದ್ಸಲ ನೀರು ಕುಡುದ್ರೆ ಅದಕ್ಕಿಂತ ಜಾಸ್ತಿ ಏರುತ್ತೆ. ಉಂಡೆ ಕಟ್ಟೋದು ಅವ್ವಂದಿರೇ. ನಮ್ಮವ್ವನೂ ಕಟ್ಟುದ್ಲು. ಪುಡಿಯ ಬೆಲೆಯೂ ಈ ತೂಕದಲ್ಲಿ ಉಟ್ಟಲ್ಲ. ಮನೇಲಿ ಕೂತು ಅದನ್ನೂ ಹಾಕಿ ನೋಡ್ದೆ ಮೇಡಂ. ಅದಕ್ಕೇ ಸಿಟ್ಟು ಬಂದಿದ್ದು."

ಸಿಟ್ಟು ನನ್ನ ಮೇಲಲ್ಲ, ಅವ್ವನ ದುಡಿಮೆಗೆ ಸಾಟಿಯಾಗದ ಆ ತೂಕದ ಮೇಲೆ ಎಂದು ಆಗ ಗೊತ್ತಾಯಿತು.

ಆಮೇಲೆ ಅವಳು ಇನ್ನೊಂದು ಕಾಗದ ತೆಗೆದಳು. ಕರಡನ್ನು ಉಳಿಸಿಕೊಳ್ಳಲು ಅಂಕಿಗಳನ್ನು ಎಲ್ಲ ಬಗೆಯಿಂದಲೂ ಒಡೆದು ನೋಡಿದ್ದಳು. ಗಂಡು ಮರಿ, ಹೆಣ್ಣು ಮರಿ, ಮಳೆಗಾಲದಲ್ಲಿ ಹುಟ್ಟಿದ್ದು, ಬೇಸಿಗೆಯದು. ಅವಳಿ ಮರಿಗಳಲ್ಲಿ ವ್ಯತ್ಯಾಸ ಅರ್ಧ ಕಿಲೋ ದಾಟಿತ್ತು. ಮೇಚೇರಿ ಕುರಿಗಳಲ್ಲಿ ಅವಳಿ ಅಪರೂಪ, ಹಾಗಾಗಿ ಎಣಿಕೆಯೂ ಕಡಿಮೆ. ಆದರೆ ಅಲ್ಲೂ ಪಿ ಗೆರೆಯ ಕೆಳಗೇ ಇತ್ತು. ಸಂಸ್ಥೆಯ ಅಧಿಕಾರಿ ಅದನ್ನು ನೋಡಿ, ಇದನ್ನೇ ಶೀರ್ಷಿಕೆ ಮಾಡು ಅಂದಿದ್ದರಂತೆ.

ನಾನು ಆ ಕಾಗದವನ್ನು ಅವಳ ಕಡೆಗೇ ತಿರುಗಿಸಿಟ್ಟೆ. ಅವಳು ಸಾಲುಗಳನ್ನು ಮೇಲಿನಿಂದ ಬೆರಳಿಟ್ಟು ಎಣಿಸತೊಡಗಿದಳು.

"ಇಷ್ಟು ಕಡೆ ಬಲೆ ಬೀಸಿದ ಮೇಲೆ ಒಂದು ಕಡೆ ಏನಾದರೂ ಬೀಳಲೇಬೇಕಲ್ವಾ," ಅಂದಳು ನಿಧಾನವಾಗಿ. "ಅವಳಿ ಮರಿ ವಿಷಯ ನಾನು ಮೊದಲೇ ಕೇಳಿದ್ದಲ್ಲ, ಆಮೇಲೆ ಉಡುಕಿದ್ದು. ಇದನ್ನ ಕಂಡುಹಿಡಿದೆ ಅಂತ ಬರೆಯಾಕಾಗಲ್ಲ. ಮುಂದೆ ಯಾರಾದರೂ ಪರೀಕ್ಷೆ ಮಾಡಬೇಕು ಅಂತ ಬರೀತೀನಿ. ಎಷ್ಟು ಕಡೆ ಒಡೆದು ನೋಡ್ದೆ ಅನ್ನೋದನ್ನೂ ಬರೀತೀನಿ."

ನಾನು ಎದ್ದು ಕಿಟಕಿ ತೆರೆಯುವ ನೆಪ ಮಾಡಿದೆ. ಕಲಿಸುವ ಕೆಲಸದಲ್ಲಿ ಇಂಥ ಗಳಿಗೆ ಹೇಳಿ ಕೇಳಿ ಬರುವುದಿಲ್ಲ. ಬಂದಾಗ ಮುಖ ತೋರಿಸುವುದು ಕಷ್ಟ.

ಸಂಸ್ಥೆಯವರು ಮೇಚೇರಿಯಲ್ಲಿ ಕುರಿಗಾರರ ಸಭೆ ಕರೆದಿದ್ದರು. ಫಲಿತಾಂಶ ಹೇಳಲು ಅವಳನ್ನು ನಿಲ್ಲಿಸುವುದೆಂದು ಮೊದಲೇ ಒಪ್ಪಂದವಾಗಿತ್ತು. ನಾನೂ ಸೇಲಂನಿಂದ ಬಸ್ಸು ಹಿಡಿದು ಹೋದೆ. ತಗಡಿನ ಚಾವಣಿಯ ಕೆಳಗೆ ಕುರಿಗಾರರು, ಹೆಂಗಸರೇ ಹೆಚ್ಚು. ಅಧಿಕಾರಿ ತಮಿಳಿನಲ್ಲಿ ಮಾತಾಡಿ, ಪುಡಿಯ ಪ್ರಯೋಜನ ಅಂಕಿ ಅಂಶದಿಂದ ಸಾಬೀತಾಗಿದೆ ಎಂದು ಹೇಳಿ ಅವಳಿಗೆ ಮೈಕು ಕೊಟ್ಟರು.

ಅವಳು ತಮಿಳಿನಲ್ಲಿ ಶುರುಮಾಡಿ, ಮುಂದಿನ ಸಾಲಿನಲ್ಲಿ ಅವ್ವನನ್ನು ನೋಡಿ, ಕನ್ನಡಕ್ಕೆ ಹೊರಳಿದಳು. "ಸಾರ್ ಏಳಿದ್ದು ಸುಳ್ಳಲ್ಲ. ಪುಡಿ ತಿಂದ ಮರಿ ಸ್ವಲ್ಪ ಜಾಸ್ತಿ ತೂಗ್ತವೆ. ಎಷ್ಟು ಅಂದ್ರೆ ಸರಾಸರಿ ನೂರ ಎಂಬತ್ತು ಗ್ರಾಂ. ಇನ್ನೂ ಕರಾರುವಾಕ್ಕಾಗಿ ಏಳ್ಬೇಕಂದ್ರೆ, ನಲವತ್ತರಿಂದ ಮುನ್ನೂರಿಪ್ಪತ್ತು ಗ್ರಾಂ ಒಳಗೆ ಎಲ್ಲೋ ಐತೆ. ಮುನ್ನೂರಿಪ್ಪತ್ತೇ ಅಂದ್ಕೊಂಡ್ರೂ, ಅನ್ನೊಂದು ಕಿಲೋ ಮರಿಗೆ ಅದೆಷ್ಟು ಅಂತ ನಿಮಗೇ ಗೊತ್ತು."

ಒಬ್ಬ ಹೆಂಗಸು ಕೂತಲ್ಲಿಂದಲೇ ಕೇಳಿದಳು: "ಅಂಗಾರೆ ತಗಾಬೇಕೋ ಬ್ಯಾಡ್ವೋ, ಅದ ಏಳವ್ವ."

"ತೂಕಕ್ಕೋಸ್ಕರ ಬ್ಯಾಡ ಅತ್ತೆ. ಮರಿಗೆ ಬೇರೆ ಏನಾದ್ರೂ ಒಳ್ಳೇದಾಗುತ್ತಾ ಅನ್ನೋದನ್ನ ನಾವು ನೋಡಿಲ್ಲ, ಅದು ನಂಗೆ ಗೊತ್ತಿಲ್ಲ. ಅವಳಿ ಮರಿಗೆ ಉಪಯೋಗ ಆಗ್ಬೋದು ಅಂತ ಒಂದು ಅನುಮಾನ ಐತೆ. ಅನುಮಾನ ಅಷ್ಟೇ. ಅದನ್ನ ಇನ್ನೊಂದ್ಸಲ ಸರಿಯಾಗಿ ನೋಡ್ಬೇಕು."

ಅಧಿಕಾರಿಯ ಮುಖ ಬಿಗಿದಿತ್ತು. ಸಭೆ ಮುಗಿದ ಮೇಲೆ ನನ್ನ ಬಳಿ ಬಂದು, ನಿಮ್ಮ ಹುಡುಗಿ ಎಲ್ಲ ಕೆಡಿಸಿಬಿಟ್ಟಳು ಎಂದರು. ಅವಳ ಕೊನೆಯ ಮಾತನ್ನು ಕೇಳಿಸಿಕೊಂಡಿರಾ ಎಂದೆ ನಾನು. ಅವರು ಕೇಳಿಸಿಕೊಂಡಿದ್ದರು. ಪುಡಿಯನ್ನು ಎಲ್ಲ ಹಟ್ಟಿಗೂ ಹಂಚುವ ಯೋಜನೆಯನ್ನು ನಿಲ್ಲಿಸಿ, ಅವಳಿ ಮರಿಗಳಿಗಷ್ಟೇ ಹೊಸ ಪರೀಕ್ಷೆ ಮಾಡಲು ಅವರೇ ಆಮೇಲೆ ಮುಂದಾದರು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪ್ರಾಧ್ಯಾಪಕರು ಕಟ್ಟುನಿಟ್ಟಿನವರು. ಪ್ರಬಂಧದ ಕೊನೆಯ ಪುಟ ತೆರೆದು, "ಮೊದಲ ಸಾಲಿನಲ್ಲಿ ಗ್ರಾಂ ಬರೆದಿದ್ದೀಯ, ಪಿ ಎರಡನೇ ಸಾಲಿನಲ್ಲಿ. ಎಲ್ಲರೂ ತಿರುಗಾಮುರುಗಾ ಬರೆಯುತ್ತಾರಲ್ಲ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಓದುವವರಿಗೆ ಬೇಕಾದದ್ದು ಮೊದಲು ಬರಬೇಕು, ಸರ್," ಅಂದಳು.

ಅವರು ಪುಸ್ತಕ ಮುಚ್ಚಿ ನನ್ನ ಕಡೆ ನೋಡಿ ನಕ್ಕರು. ಇಷ್ಟು ವರ್ಷದ ಕೆಲಸದಲ್ಲಿ ಎಷ್ಟೋ ಚಿನ್ನದ ಪದಕ ನೋಡಿದ್ದೇನೆ, ಅವಳಿಗೆ ಪದಕ ಬರಲೂ ಇಲ್ಲ. ಆದರೆ ಅವತ್ತು ನನ್ನ ಎದೆ ಉಬ್ಬಿದಷ್ಟು ಯಾವ ಪದಕಕ್ಕೂ ಉಬ್ಬಿಲ್ಲ. ಈಗ ಅವಳು ಪಿಎಚ್.ಡಿ. ಮಾಡುತ್ತಿದ್ದಾಳೆ. ಅವಳಿ ಮರಿಗಳ ಪರೀಕ್ಷೆ ನಡೆಯುತ್ತಿದೆ. ಎಷ್ಟು ತೂಕ ಏರಿದರೆ ಕುರಿಗಾರರಿಗೆ ಅದು ಲೆಕ್ಕಕ್ಕೆ ಬರುತ್ತದೆಂದು ಹಟ್ಟಿ ಹಟ್ಟಿ ಸುತ್ತಿ ಕೇಳಿ, ಒಂದು ಮರಿಯನ್ನೂ ತೂಗುವ ಮೊದಲೇ ಆ ಸಂಖ್ಯೆಯನ್ನು ಗೊತ್ತುಮಾಡಿಕೊಂಡಿದ್ದಾಳೆ. ಹಾಗೆ ಮಾಡು ಎಂದು ನಾನು ಹೇಳಿರಲಿಲ್ಲ.