ನೂರು ಪರ್ಸೆಂಟ್

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭ. ಹುಣಸೂರಿನಲ್ಲಿ ನನ್ನದೊಂದು ಫೋಟೊ ಸ್ಟುಡಿಯೋ ಇತ್ತು, ಹಿಂದೆಯೇ ಮನೆ. ಕೆ.ಆರ್. ನಗರದಲ್ಲಿ ನನ್ನ ಗೆಳೆಯನದ್ದೊಂದು ಸ್ಟುಡಿಯೋ. ಇಬ್ಬರೂ ಒಂದೇ ಗುರುವಿನ ಕೈಕೆಳಗೆ, ಒಂದೇ ಡಾರ್ಕ್‌ರೂಮಿನಲ್ಲಿ ಕೈ ಕಪ್ಪು ಮಾಡಿಕೊಂಡು ಕೆಲಸ ಕಲಿತವರು. ಅವನು "ಸ್ವಲ್ಪ ನಗ್ರೀ" ಅಂದರೆ ಮದುಮಗಳು ನಗುತ್ತಿದ್ದಳು. ನಾನು ಅಂದರೆ ಕತ್ತು ಬಗ್ಗಿಸುತ್ತಿದ್ದಳು. ಅಲ್ಲಿಂದ ಶುರುವಾದ ಉರಿ ಅದು.

ಎರಡು ಸಾವಿರದ ದಶಕದ ಕೊನೆಯ ವರ್ಷಗಳು. ರೀಲು ಹೋಗಿ ಎಲ್ಲವೂ ಹಾರ್ಡ್ ಡಿಸ್ಕಿಗೆ ಬಂದಿತ್ತು. ಪಿರಿಯಾಪಟ್ಟಣದ ಒಬ್ಬ ಫೋಟೊಗ್ರಾಫರನ ಡಿಸ್ಕು ಕೆಟ್ಟು, ಒಂದು ಸೀಸನ್ನಿನ ಮದುವೆಗಳೆಲ್ಲ ಹೋದ ಸುದ್ದಿ ಕೇಳಿ ನಾವಿಬ್ಬರೂ ಬೆವೆತೆವು. ಗೆಳೆಯ ಎಲ್ಲಿಂದಲೋ ವಿಷಯ ತಿಳಿದುಕೊಂಡು ಬಂದ. ಇಂಟರ್‌ನೆಟ್ಟಿನಲ್ಲಿ ಒಂದು ಕಂಪನಿ ನಮ್ಮ ಫೋಟೊಗಳ ಪ್ರತಿಯನ್ನು ದೂರದ ಅದರ ಕಂಪ್ಯೂಟರುಗಳಲ್ಲಿ ಇಟ್ಟುಕೊಳ್ಳುತ್ತದಂತೆ, ಅದಕ್ಕೆ ಕ್ಲೌಡ್ ಬ್ಯಾಕಪ್ ಅನ್ನುತ್ತಾರಂತೆ. ಒಮ್ಮೆ ಎಲ್ಲವನ್ನೂ ಏರಿಸಿಬಿಟ್ಟರೆ ಆಮೇಲೆ ಹೊಸದು ಮಾತ್ರ ಹೋಗುತ್ತದೆ. ಕಷ್ಟ ಇರುವುದು ಆ ಮೊದಲನೇ ಸಲದಲ್ಲೇ.

ಮನೆಗೆ ಬಂದಿದ್ದ ಬ್ರಾಡ್‌ಬ್ಯಾಂಡು ಟೆಲಿಫೋನಿನ ತಾಮ್ರದ ತಂತಿಯ ಮೇಲೆ ಬರುತ್ತಿತ್ತು. ಇಳಿಯುವ ವೇಗ ಪರವಾಗಿಲ್ಲ, ಏರುವ ವೇಗ ಮಾತ್ರ ಆಮೆಯದು. ಹಗಲು ಬಳಸಿದ್ದಕ್ಕೆ ಮಿತಿ, ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಮಿತಿ ಇಲ್ಲ. ಆದ್ದರಿಂದ ಆ ಆರು ಗಂಟೆಯಲ್ಲೇ ಏರಿಸಬೇಕು, ಎಂಟು ಹೊಡೆದಾಗ ತಾನಾಗಿ ನಿಲ್ಲಬೇಕು. ಸಾಫ್ಟ್‌ವೇರಿನಲ್ಲಿ ವೇಳೆ ಹಾಕಿಟ್ಟೆ, ಕಂಪ್ಯೂಟರು ತಾನಾಗಿ ಮಲಗದ ಹಾಗೆ ಮಾಡಿದೆ.

"ಫುಲ್ಲು ಬುಡಬ್ಯಾಡ ಕಣ್ಲಾ, ಏರೋ ಸ್ಪೀಡಿನ್ ಕತ್ತು ಇಡ್ಕೋ. ಇಪ್ಪತ್ನಾಲ್ಕಕ್ಕೆ ನಿಲ್ಸು" ಎಂದು ಗೆಳೆಯ ಫೋನಿನಲ್ಲಿ ಹೇಳಿದ.

ಇವನ್ಯಾವನು ನನಗೆ ಹೇಳುವುದಕ್ಕೆ ಅಂತ ಪೂರ್ತಿ ಬಿಟ್ಟೆ. ಮೈಸೂರಿನ ಆಲ್ಬಮ್ ಡಿಸೈನರು ಬೆಳಗಿನ ಜಾವವೇ ಪುಟಗಳನ್ನು ಮೇಲ್ ಮಾಡುತ್ತಿದ್ದ, ಅವನಿಗೂ ಆಗಲೇ ಬಿಟ್ಟಿ. ಆರೂವರೆಗೆ ಎದ್ದು ಕುಳಿತರೆ ಒಂದು ಪುಟವೂ ಇಳಿಯಲೊಲ್ಲದು. ಏರುವ ದಾರಿ ಪೂರ್ತಿ ತುಂಬಿಹೋದರೆ "ತಲುಪಿತು, ಮುಂದಿನದು ಕಳಿಸು" ಎಂದು ಹೇಳುವ ಸಣ್ಣ ಉತ್ತರಗಳೂ ಹೊರಗೆ ಹೋಗಲಾರವು, ಅದಕ್ಕೇ ಇಳಿಯುವುದೂ ನಿಲ್ಲುತ್ತದೆ. ಇದು ನನಗೆ ತಿಳಿದದ್ದು ಅವನನ್ನೇ ಕೇಳಿದ ಮೇಲೆ. ಕೇಳಬೇಕಾಗಿ ಬಂತಲ್ಲ ಎಂದು ಮೈ ಉರಿಯಿತು.

ಮರುರಾತ್ರಿಗೆ ಸಾಫ್ಟ್‌ವೇರಿನಲ್ಲಿ ವೇಗದ ಮಿತಿ ಕೇಳುವ ಡಬ್ಬದಲ್ಲಿ ಇಪ್ಪತ್ನಾಲ್ಕು ಎಂದೇ ಹಾಕಿದೆ. ಬೆಳಿಗ್ಗೆ ನೋಡಿದರೆ ಏರಿದ್ದು ಅರವತ್ತು ಎಂಬಿ ಅಷ್ಟೇ. ಅವನು ಬಿದ್ದು ಬಿದ್ದು ನಕ್ಕ. "ನಾ ಯೋಳಿದ್ದು ಕಿಲೋಬೈಟು ಕಣ್ಲಾ. ನಿನ್ ಡಬ್ಬದಾಗೆ ಕಿಲೋಬಿಟ್ಟು ಅಂತ ಬರೆದಿಲ್ವಾ? ಎಂಟ್ರಿಂದ ಗುಣ್ಸು." ಎಂಟರಿಂದ ಗುಣಿಸಿ ನೂರತೊಂಬತ್ತು ಹಾಕಿದೆ. ಆಲ್ಬಮ್ಮಿನ ಪುಟಗಳೂ ಇಳಿದವು, ಫೋಟೊಗಳೂ ಏರತೊಡಗಿದವು.

ಅಲ್ಲಿಂದ ಪ್ರತಿ ಬೆಳಿಗ್ಗೆ ಎಂಟಕ್ಕೆ ಅವನ ಫೋನು. "ಏನ್ಲಾ, ಎಷ್ಟು ಏರ್ತು?" ಸಾಫ್ಟ್‌ವೇರು ಪರ್ಸೆಂಟಿನಲ್ಲಿ ಲೆಕ್ಕ ತೋರಿಸುತ್ತಿತ್ತು. ಮೊದಲ ಕೆಲವು ದಿನ ಅವನು ತಾನಿನ್ನೂ ಶುರುವೇ ಮಾಡಿಲ್ಲ ಅಂದ. ಆಮೇಲೆ ಅವನು ಇಪ್ಪತ್ತು ಅಂದಾಗ ನಾನು ಹದಿಮೂರು. ಅವನು ಮೂವತ್ತೈದು, ನಾನು ಇಪ್ಪತ್ತೆರಡು. ಅವನ ಮನೆ ಟೆಲಿಫೋನ್ ಎಕ್ಸ್‌ಚೇಂಜಿನ ಹಿಂದಿನ ಬೀದಿಯಲ್ಲಿತ್ತು, ತಂತಿ ನಾಲ್ಕು ಹೆಜ್ಜೆ. ನನ್ನ ಮನೆ ಊರಿನ ಕೊನೆಯಲ್ಲಿ. ಇಷ್ಟು ದೂರ ಬರುವಷ್ಟರಲ್ಲಿ ತಂತಿಯಲ್ಲಿ ಗೊರಗೊರ ಸದ್ದು, ರಾತ್ರಿಗೆ ಮೂರು ನಾಲ್ಕು ಸಲ ಮೋಡೆಮ್ಮಿನ ದೀಪ ಆರಿ ಹತ್ತುತ್ತಿತ್ತು. ನಿಂತಲ್ಲಿಂದ ಮತ್ತೆ ಶುರುವಾಗುತ್ತಿತ್ತು ನಿಜ, ಆದರೆ ಹೋದ ಹೊತ್ತು ಹೋದದ್ದೇ. ಎಕ್ಸ್‌ಚೇಂಜಿನ ಪಕ್ಕ ಮನೆ ಮಾಡಿದ್ದೂ ಅವನ ಜಾಣತನವೇ ಎಂಬಂತೆ ನಾನು ಹಲ್ಲು ಕಡಿಯುತ್ತಿದ್ದೆ.

"ಅವ್ರದ್ದು ಎಷ್ಟಾದ್ರೆ ನಿಮ್ಗೇನ್ರೀ? ಓಟದ ಪಂದ್ಯ ಕಟ್ಟಿದ್ದೀರಾ?" ಎಂದು ಹೆಂಡತಿ ಕಾಫಿ ಲೋಟ ಕುಕ್ಕಿ ಹೋಗುತ್ತಿದ್ದಳು. ಪಂದ್ಯವೇ ಆಗಿತ್ತು. ಓಡುತ್ತಿದ್ದವನು ನಾನೊಬ್ಬನೇ.

ಐವತ್ತೆಂಟಕ್ಕೆ ಬಂದು ನನ್ನದು ನಿಂತೇಹೋಯಿತು. ಏನೆಂದು ನೋಡಿದರೆ ಪಾಸ್‌ಪೋರ್ಟ್ ಅನ್ನುವ ಫೋಲ್ಡರು. ಸ್ಟುಡಿಯೋಗೆ ಬಂದು ತೆಗೆಸಿಕೊಂಡವರದು, ರೇಷನ್ ಕಾರ್ಡು, ಬ್ಯಾಂಕು ಎಂದು ಊರೂರಿಗೆ ಬಿಳಿ ದುಪ್ಪಟಿ ಹೊತ್ತುಕೊಂಡು ಹೋಗಿ ಗೋಡೆಗೆ ಕಟ್ಟಿ ತೆಗೆದದ್ದು, ಎಲ್ಲವೂ ಅದರಲ್ಲಿತ್ತು. ಬಿಳಿಕೆರೆ, ಗಾವಡಗೆರೆ ಕಡೆಯ ಸಾವಿರಾರು ಮುಖಗಳು. ಒಂದೊಂದೂ ಚಿಕ್ಕ ಫೈಲು. ಚಿಕ್ಕದಾದರೆ ಬೇಗ ಹೋಗಬೇಕು ಅನ್ನಿಸುತ್ತದೆ, ಹಾಗಲ್ಲ. ದೊಡ್ಡ ಫೈಲಾದರೆ ಒಮ್ಮೆ ಬಾಗಿಲು ತಟ್ಟಿದರೆ ಸಾಕು. ಇಲ್ಲಿ ಪ್ರತಿಯೊಂದಕ್ಕೂ ಬಾಗಿಲು ತಟ್ಟಿ, ಒಳಗಿನವರು ಹೂಂ ಅಂದ ಮೇಲೆ ಒಪ್ಪಿಸಿ, ಮತ್ತೆ ಮುಂದಿನದಕ್ಕೆ ತಟ್ಟಬೇಕು. ಕಳಿಸುವುದಕ್ಕಿಂತ ತಟ್ಟುವುದಕ್ಕೇ ಹೆಚ್ಚು ಹೊತ್ತು ಹೋಗುತ್ತಿತ್ತು. ನಾಲ್ಕು ದಿನ ಒಂದು ಪರ್ಸೆಂಟೂ ಏರಲಿಲ್ಲ. ಆ ಕಡೆ ಅವನು ಎಂಬತ್ತು ದಾಟಿದ್ದ.

ಐದನೇ ದಿನ ಬೆಳಿಗ್ಗೆ ಅವನ ಫೋನು ಬರುವ ಮುಂಚೆ, ಏರಿಸುವ ಪಟ್ಟಿಯಲ್ಲಿ ಆ ಫೋಲ್ಡರಿನ ಮುಂದಿದ್ದ ಟಿಕ್ ತೆಗೆದುಬಿಟ್ಟೆ.

ಆಯ್ಕೆಯಿಂದ ತೆಗೆದರೆ ಈಗಾಗಲೇ ಏರಿರುವ ಪ್ರತಿಗಳನ್ನೂ ಅಳಿಸಲಾಗುತ್ತದೆ, ಸರಿಯೇ ಎಂದು ಸಾಫ್ಟ್‌ವೇರು ಕೇಳಿತು. ಸರಿ ಎಂದು ಒತ್ತಿದೆ. ಇನ್ನು ಸ್ವಲ್ಪ ದಿನ, ಅವನನ್ನು ಹಿಂದೆ ಹಾಕಿದ ಮೇಲೆ ಮತ್ತೆ ಟಿಕ್ ಹಾಕಿದರಾಯಿತು ಅಂದುಕೊಂಡೆ. ಪಾಸ್‌ಪೋರ್ಟ್ ಫೋಟೊ ತಾನೇ. ಏರಿಸಬೇಕಾದ ಮೊತ್ತವೇ ಕಡಿಮೆಯಾದ ಕಾರಣ ಪರ್ಸೆಂಟು ಒಂದೇ ಏಟಿಗೆ ಎಂಬತ್ತೊಂದಕ್ಕೆ ಜಿಗಿಯಿತು. ಎಂಟಕ್ಕೆ ಫೋನು ಬಂತು.

"ಎಂಬತ್ತೊಂದು" ಅಂದೆ.

"ಅಯ್ಯೋ ಶಿವ್ನೆ, ಎಂಗ್ಲಾ?"

"ಲೈನು ಸರ್ಯಾಯ್ತು."

ಆವತ್ತು ಕುಡಿದ ಕಾಫಿಯ ರುಚಿ ಇನ್ನೂ ನೆನಪಿದೆ. ಉಳಿದಿದ್ದ ಮದುವೆ ಫೋಟೊಗಳು ಯಾವ ಅಡ್ಡಿಯೂ ಇಲ್ಲದೆ ಏರಿದವು. ಅವನ ಊರಿನಲ್ಲಿ ಒಂದು ವಾರ ಕರೆಂಟು ಕೈಕೊಟ್ಟಿತು. ಅದಕ್ಕೂ ಖುಷಿಪಟ್ಟೆ, ನಾಚಿಕೆ ಇಲ್ಲದೆ. ಅವನು ತೊಂಬತ್ತೇಳರಲ್ಲಿದ್ದ ದಿನ ನನ್ನ ಪರದೆಯ ಮೇಲೆ ನೂರು ಬಂತು. ನಾನೇ ಫೋನು ಮಾಡಿ ಹೇಳಿದೆ.

"ಗೆದ್ಬುಟ್ಟೆ ಬುಡ್ಲಾ! ಬಿರಿಯಾನಿ ಕೊಡ್ಸು" ಎಂದ. ಅವನ ದನಿಯಲ್ಲಿ ನಿಜವಾದ ಸಂತೋಷವಿತ್ತು. ಅವನಿಗೆ ಉರಿಯಲಿಲ್ಲವಲ್ಲ ಎಂದು ನನಗೆ ಮತ್ತೂ ಉರಿಯಿತು.

ಟಿಕ್ ಮತ್ತೆ ಹಾಕಲು ಎಷ್ಟೋ ಸಲ ಕುಳಿತೆ. ಹಾಕಿದರೆ ನೂರು ಇದ್ದದ್ದು ಎಪ್ಪತ್ತಕ್ಕೆ ಇಳಿಯುತ್ತದೆ. ಅವನು ಯಾವತ್ತಾದರೂ ಸ್ಟುಡಿಯೋಗೆ ಬಂದು ನೋಡಿಬಿಟ್ಟರೆ? ಈ ಸೀಸನ್ ಮುಗಿಯಲಿ ಎಂದು ಮುಂದೆ ಹಾಕಿದೆ. ಎರಡು ತಿಂಗಳು ಮುಂದೆ ಹಾಕಿದೆ.

ಒಂದು ಸೋಮವಾರ ಕಂಪ್ಯೂಟರಿನ ಒಳಗಿನಿಂದ ಟಕ್ ಟಕ್ ಎಂದು ಸದ್ದು ಬಂತು, ಪರದೆ ನಿಂತಿತು, ಡಿಸ್ಕು ಹೋಯಿತು. ಮೈಸೂರಿಗೆ ಒಯ್ದರೆ, ಏನೂ ತೆಗೆಯಲಾಗುವುದಿಲ್ಲ ಅಂದರು. ಹೊಸ ಡಿಸ್ಕು ಹಾಕಿ ಕ್ಲೌಡಿನಿಂದ ಇಳಿಸಿಕೊಂಡೆ. ಇಳಿಯುವುದು ಏರುವುದಕ್ಕಿಂತ ಬೇಗ, ಕೆಲವೇ ರಾತ್ರಿಗಳಲ್ಲಿ ಮದುವೆಗಳೆಲ್ಲ ಬಂದವು. ಮದುವೆಗಳನ್ನು ಡಿವಿಡಿಗೂ ಹಾಕಿಟ್ಟಿದ್ದೆ ಎನ್ನುವುದು ಬೇರೆ ಮಾತು. ಪಾಸ್‌ಪೋರ್ಟ್ ಫೋಲ್ಡರಿಗೆ ದಿನವೂ ಹೊಸದು ಸೇರುತ್ತಿದ್ದರಿಂದ ಅದನ್ನು ಯಾವತ್ತೂ ಡಿವಿಡಿಗೆ ಹಾಕಿರಲಿಲ್ಲ.

ಹದಿನೈದು ದಿನವೂ ಆಗಿರಲಿಲ್ಲ, ಗಾವಡಗೆರೆ ಕಡೆಯ ಹೆಂಗಸೊಬ್ಬಳು ಬಂದಳು. ಜೊತೆಗೆ ಮಗಳು. ಗಂಡ ತೀರಿಕೊಂಡು ಎಂಟು ದಿನ. ಹನ್ನೊಂದನೇ ದಿನಕ್ಕೆ ಹಾರ ಹಾಕಲು ದೊಡ್ಡ ಫೋಟೊ ಬೇಕು. "ಕಾರ್ಡ್ಗೆ ಅಂತ ನೀವೇ ಬಂದು ತೆಗ್ದಿದ್ರಿ ಅಣ್ಣ, ನಮ್ಮ ಇಸ್ಕೂಲ್ ಗ್ವಾಡೆ ತಾವ. ಬಿಳೀ ಅಂಗಿ ಆಕಂಡಿದ್ರು" ಎಂದಳು. ಕಾರ್ಡಿನ ಮೇಲಿದ್ದದ್ದು ನೀರು ಬಿದ್ದು ಮುಖ ಕಲೆಸಿಹೋಗಿತ್ತು, ತಂದಿದ್ದಳು. ಮದುವೆಯಲ್ಲಿ ಫೋಟೊ ತೆಗೆಸಿರಲಿಲ್ಲ.

ಹುಡುಕಿಡುತ್ತೇನೆ, ನಾಡಿದ್ದು ಬಾ ಅಂದೆ. ಹುಡುಕುವುದಕ್ಕೆ ಏನೂ ಇಲ್ಲ ಎಂದು ಗೊತ್ತಿತ್ತು. ಅವಳು ಹೋದ ಮೇಲೆ ಗೆಳೆಯನಿಗೆ ಫೋನು ಮಾಡಿದೆ. ನಿಜ ಹೇಳಬೇಕೆಂದರೆ, ಅವನೂ ನನ್ನ ಹಾಗೇ ಮಾಡಿರಲಿ ಎಂಬ ಆಸೆಯಿಂದ.

"ನೀನು ಪಾಸ್‌ಪೋರ್ಟ್ ಫೋಟೊ ಏರ್ಸಿದ್ಯೇನ್ಲಾ?"

"ಅದ್ನೇ ಮೊದ್ಲು ಏರ್ಸಿದ್ದು. ಹತ್ತು ದಿನ ನಾಕು ಪರ್ಸೆಂಟ್ ದಾಟ್ಲಿಲ್ಲ, ತಲೆ ಕೆಟ್ಟೋಯ್ತು. ನಿಂಗೆ ಯೋಳಕ್ಕೂ ನಾಚ್ಕೆ ಆಗಿ ಶುರುವೇ ಮಾಡಿಲ್ಲ ಅಂದಿದ್ದೆ. ಮದ್ವೆದು ಕಳ್ದೋದ್ರೆ ಅವ್ರ ಮನೇಲಿ ಆಲ್ಬಮ್ ಇರ್ತದೆ ಕಣ್ಲಾ. ಇದು ನಮ್ಮತ್ರ ಬುಟ್ರೆ ಇನ್ನೆಲ್ಲಿರ್ತದೆ? ಯಾಕ್ಲಾ ಕೇಳ್ದೆ?"

"ಸುಮ್ನೆ" ಅಂದು ಫೋನು ಇಟ್ಟೆ. ಅಷ್ಟು ವರ್ಷ ಅವನ ನಗು, ಅವನ ಗಿರಾಕಿ, ಅವನ ತಂತಿ ಕಂಡು ಉರಿದದ್ದು ಏನೂ ಅಲ್ಲ. ಆ ಒಂದು ಮಾತು ಅವನಿಗೆ ಹೊಳೆದು ನನಗೆ ಹೊಳೆಯಲಿಲ್ಲವಲ್ಲ ಎಂದು ಆವತ್ತು ಪಟ್ಟ ಹೊಟ್ಟೆಕಿಚ್ಚು ಯಾವತ್ತೂ ಪಟ್ಟಿರಲಿಲ್ಲ.

ಹೇಳಿದ ದಿನ ಅವಳು ಬಂದಳು. ಡಿಸ್ಕು ಕೆಟ್ಟಿತು, ಫೋಟೊ ಇಲ್ಲ ಎಂದೆ. ಅವಳು ಬೈಯಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು.

"ನನ್ ತಂಗೀನ ಮಿರ್ಲೆಗೆ ಕೊಟ್ಟದೆ ಅಣ್ಣ. ಅವಳ ಗಂಡ ತೀರ್ಕಂಡಾಗ ಕೆ.ಆರ್. ನಗರದ ಸ್ಟುಡಿಯೋನವ್ರು ಅರ್ಧ ಗಂಟೆನಾಗೆ ತೆಗ್ದು ಕೊಟ್ರು. ನಾವೂ ಅಲ್ಲೇ ತೆಗ್ಸಿದ್ರೆ ಇರ್ತಿತ್ತಾ?"

ಮಷೀನು ಕೆಟ್ಟರೆ ಯಾರೇನು ಮಾಡುವುದಕ್ಕಾಗುತ್ತದೆ ಅನ್ನಬಹುದಿತ್ತು. ಅವಳು ನಂಬುತ್ತಿದ್ದಳು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಇರ್ತಿತ್ತಮ್ಮ" ಅಂದೆ. "ಅವ್ನತ್ರ ತೆಗ್ಸಿದ್ರೆ ಇರ್ತಿತ್ತು."