ಬೋರಲು ಹಾಕಿದ ಕಾರ್ಡು

ಲ್ಯಾಬಿನ ಕಿಟಕಿಯಲ್ಲಿ ಒಂದು ತೂತಿದೆ. ರಕ್ತದ ಸೀಸೆ ಒಳಗೆ ಕೊಡಲಿ, ರಿಪೋರ್ಟು ಹೊರಗೆ ತೆಗೆದುಕೊಳ್ಳಲಿ ಎಂದು ಕೊರೆದದ್ದು. ಆದರೆ ಜನ ಬಿಡುತ್ತಾರೆಯೇ? ತಲೆಯನ್ನೇ ತೂರಿಸುತ್ತಾರೆ. ತೂರಿಸಿದ ತಲೆಗೆ ಒಳಗಿನಿಂದ ಬೈಗುಳ ಬೀಳುತ್ತದೆ. ಬೈಯುವವಳು ಗಾಜಮ್ಮ.

ಅದು ಅವಳ ಹೆಸರಲ್ಲ. ಹಗಲೆಲ್ಲ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು ಕೂತವಳಿಗೆ ಆಸ್ಪತ್ರೆಯವರು ಇಟ್ಟ ಬಿರುದು. ಡಾಕ್ಟರುಗಳು ಬಂದರು, ಹೋದರು; ಕುರ್ಚಿಯ ಬೆತ್ತ ಹರಿಯಿತು, ಗಾಜಮ್ಮ ಮಾತ್ರ ಅಲ್ಲೇ. ವಿನಯ ಎಂಬ ವಸ್ತುವನ್ನು ಅವಳು ಯಾವ ಸೀಸೆಯಲ್ಲೂ ಕಂಡವಳಲ್ಲ. "ನನ್ನ ಕಣ್ಣು ತಪ್ಪಲ್ಲ" ಎನ್ನುವುದು ದಿನಕ್ಕೆ ಹತ್ತು ಸಲದ ಮಾತು. ಆ ಮಾತನ್ನು ಮನೆಯಲ್ಲಿ ಅತ್ತೆಯ ಮುಂದೆ ಇನ್ನೂ ಜೋರಾಗಿ ಆಡುತ್ತಿದ್ದಳು. ಅತ್ತೆಯೇನು ಕಡಿಮೆಯೇ? ಸೊಸೆ ಒಂದೇ ಒಂದು ಸಲ ತಪ್ಪು ಒಪ್ಪಿಕೊಳ್ಳುವುದನ್ನು ನೋಡಿಯೇ ಕಣ್ಣು ಮುಚ್ಚಬೇಕೆಂದು ಜೀವ ಹಿಡಿದುಕೊಂಡಿದ್ದ ಮುದುಕಿ.

ಗಾಜಮ್ಮನಿಗೆ ಒಂದು ವ್ರತವಿತ್ತು. ಮಲೇರಿಯಾ ನೋಡಲು ಎರಡು ದಾರಿ. ಒಂದು ಕಾರ್ಡು: ಒಂದು ಹನಿ ರಕ್ತ, ಮೇಲೆ ಔಷಧದ ಹನಿ, ಒಂದಿಷ್ಟು ಹೊತ್ತು ಕಾದರೆ ಗೆರೆ ಮೂಡುತ್ತದೆ. ಒಂದೇ ಗೆರೆಯಾದರೆ ಕಾರ್ಡು ಸರಿಯಿದೆ, ರೋಗವಿಲ್ಲ, ಎರಡಾದರೆ ಇದೆ. ಗೆರೆ ಎಣಿಸಲು ಬರುವವರೆಲ್ಲ ಪಂಡಿತರೇ. ಇನ್ನೊಂದು ದಾರಿ ಗಾಜು. ಒಂದು ತುದಿಯಲ್ಲಿ ದಪ್ಪ ಹನಿ, ಅದರ ಪಕ್ಕ ತೆಳ್ಳಗೆ ಎಳೆದ ಹಾಳೆಯಂಥ ರಕ್ತ. ದಪ್ಪ ಹನಿಯಲ್ಲಿ ಕೆಂಪುಕಣಗಳು ನೀರಿಗೆ ಒಡೆದು ಹೋಗುತ್ತವೆ, ರೋಗಾಣು ಇದ್ದರೆ ಬೇಗ ಕಣ್ಣಿಗೆ ಬೀಳುತ್ತದೆ. ತೆಳುವಿನಲ್ಲಿ ಕಣ ಒಡೆಯುವುದಿಲ್ಲ, ರೋಗಾಣು ಯಾವ ಜಾತಿಯದು ಎಂದು ಅದರ ಒಳಗೇ ನೋಡಬಹುದು. ಗಾಜಮ್ಮ ಎರಡನ್ನೂ ಮಾಡುತ್ತಿದ್ದಳು. ಆದರೆ ಗಾಜು ಓದಿ ಮುಗಿಯುವ ತನಕ ಕಾರ್ಡನ್ನು ಮೇಜಿನ ಮೇಲೆ ಬೋರಲು ಹಾಕಿಡುತ್ತಿದ್ದಳು. "ಮೊದಲೇ ಗೆರೆ ನೋಡಿದ್ರೆ ಕಣ್ಣು ಲಂಚ ತಿನ್ನತ್ತೆ" ಎನ್ನುತ್ತಿದ್ದಳು.

ಅವಳ ಮೈದುನ ಕಾಡಂಚಿನಲ್ಲಿ ಪೈಪು ಹೂಳುವ ಕಂಪನಿಯ ಮೇಸ್ತ್ರಿ. ಸೊಳ್ಳೆಪರದೆ ಕೊಟ್ಟರೆ ಅದರಲ್ಲಿ ಬಟ್ಟೆ ಗಂಟು ಕಟ್ಟಿಡುವ ಬುದ್ಧಿವಂತ. ಒಂದು ದಿನ ಚಳಿಜ್ವರದಲ್ಲಿ ನಡುಗುತ್ತಾ ಬಂದ. ಪ್ಲೇಟ್‌ಲೆಟ್ ಇಪ್ಪತ್ತು ಸಾವಿರಕ್ಕೆ ಇಳಿದಿತ್ತು. ಆ ಪದ ಕಿವಿಗೆ ಬಿದ್ದದ್ದೇ ತಡ, ನೆಂಟರೆಲ್ಲ ಪಪ್ಪಾಯಿ ಎಲೆ ಜಜ್ಜಿ ರಸ ತಂದರು. ಸದ್ಯ, ಕಹಿಗೆ ಹುಡುಗ ವಾಂತಿ ಮಾಡಿಕೊಂಡ. ರಸ ಬಚ್ಚಲಿಗಾದರೂ ಪುಷ್ಟಿ ಕೊಟ್ಟಿರಬೇಕು. ಗಾಜಮ್ಮ ಗಾಜು ಓದಿದಳು. ಹರಳು ಕೂಡಿಸಿದ ಉಂಗುರದಂಥ ಸಣ್ಣ ಸಣ್ಣ ರೋಗಾಣುಗಳು, ಒಂದೊಂದು ಕಣದಲ್ಲಿ ಎರಡೆರಡು. ಕೆಟ್ಟ ಜಾತಿಯ ಮಲೇರಿಯಾ. ಬೋರಲು ಕಾರ್ಡು ತಿರುಗಿಸಿದಳು, ಅದೂ ಹೌದೆಂದಿತು. ನರಕ್ಕೆ ಇಂಜೆಕ್ಷನ್ ಬಿತ್ತು, ಆಮೇಲೆ ಮಾತ್ರೆ. ರೋಗಾಣು ಕರಗಿತು, ಪ್ಲೇಟ್‌ಲೆಟ್ ತಾನಾಗಿಯೇ ಏರಿತು. ಏರಿದ ಕೀರ್ತಿಯನ್ನು ಎಲೆ ಜಜ್ಜಿದವರು ಹಂಚಿಕೊಂಡರು.

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಎರಡು ವಾರ ಕಳೆದು ಮೈದುನ ಮತ್ತೆ ಬಂದ. ಈ ಸಲ ನಡೆದು ಬರಲಿಲ್ಲ, ಗಾಲಿಕುರ್ಚಿಯಲ್ಲಿ ತಂದರು. ಮುಖ ಸುಣ್ಣ, ಕಣ್ಣು ಅರಿಶಿನ, ಮೂತ್ರ ಹಾಲು ಹಾಕದ ಚಹಾ. ಹಿಂದೆ ಅತ್ತೆ, ಕೈಯಲ್ಲಿ ಕಂಪನಿಯ ಕಾಂಪೌಂಡರ್ ಕೊಟ್ಟ ಕಾರ್ಡು.

ಅತ್ತೆಯ ತಲೆ ಕಿಟಕಿಯ ತೂತಿನಿಂದ ಒಳಗೆ ಬಂತು. "ನೋಡೇ! ಎರಡು ಗೆರೆ! ವಾಸಿ ಆಯ್ತು ಅಂದ್ಯಲ್ಲ, ಎಲ್ಲಿ ಆಯ್ತು? ನನ್ನ ಮಗನ್ನ ಅರ್ಧಕ್ಕೇ ಮನೆಗೆ ಅಟ್ಟಿದ್ರಿ!"

"ಅತ್ತೆ, ಮೊದಲು ತಲೆ ಆಚೆ ತಗೊಳ್ಳಿ."

"ತಗೋತೀನಿ. ನೀನು ಗೆರೆ ನೋಡು ಮೊದ್ಲು."

ಮೂಗಿನ ಕೆಳಗೇ ಹಿಡಿದಿದ್ದಳು. ಕಣ್ಣು ಮುಚ್ಚಿಕೊಳ್ಳುವುದಕ್ಕೂ ಆಗಲಿಲ್ಲ. ಗಾಜಮ್ಮ ನೋಡಿದಳು. ಎರಡು ಗೆರೆ. ವ್ರತ ಅಲ್ಲಿಗೆ ಮುರಿಯಿತು.

ಗಾಜು ಮಾಡಿದಳು, ಬಣ್ಣ ಹಾಕಿದಳು, ಒಣಗುವ ತನಕ ಹೊರಗಿನಿಂದ ಅತ್ತೆಯ ರನ್ನಿಂಗ್ ಕಾಮೆಂಟರಿ. "ಇನ್ನೂ ಆಗ್ಲಿಲ್ವಾ? ಕಾಂಪೌಂಡರ್ ಕಾಲು ಗಂಟೇಲಿ ಹೇಳಿದ. ಇವಳಿಗೆ ಭೂತಗನ್ನಡಿ ಬೇಕು." ದಪ್ಪ ಹನಿಯಲ್ಲಿ ಏನೂ ಸಿಗಲಿಲ್ಲ. ಹಾಗಾಗುವುದು ಹೇಗೆ, ಎರಡು ಗೆರೆ ಇದೆಯಲ್ಲ! ತೆಳುವಿಗೆ ಬಂದಳು, ಹುಡುಕಿದಳು, ಮತ್ತೆ ಹುಡುಕಿದಳು. ಕೊನೆಗೆ ಒಂದು ಕೆಂಪುಕಣದ ನಡುವೆ ನೇರಳೆ ಚುಕ್ಕೆ. ಸಿಕ್ಕಿತು ನನ್ಮಗಂದು! ಎಂದುಕೊಂಡು "ಮಲೇರಿಯಾ ರೋಗಾಣು ಕಂಡಿದೆ" ಎಂದು ಬರೆದು ತೂತಿನಿಂದ ಹೊರಗೆ ತಳ್ಳಿದಳು. ಅತ್ತೆ ಅದನ್ನು ಓದಿಸಿಕೊಂಡು, ಮಗನಿಗೆ ರೋಗ ಖಾತ್ರಿಯಾದದ್ದಕ್ಕೆ ಗೆದ್ದವಳಂತೆ ವಾರ್ಡಿಗೆ ನಡೆದಳು.

ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಇಳಿದು ಬಂದಳು. ಕೆಲಸಕ್ಕೆ ಸೇರಿ ವರ್ಷವಾಗಿರದ ಹುಡುಗಿ. ಆದರೆ ಓದಿದ್ದನ್ನು ಮರೆಯುವಷ್ಟು ದೊಡ್ಡವಳೂ ಇನ್ನೂ ಆಗಿರಲಿಲ್ಲ.

"ಗಾಜಮ್ಮ, ನಂಗೆ ಒಂದು ಅರ್ಥ ಆಗ್ತಿಲ್ಲ. ಮಲೇರಿಯಾ ತಿರುಗಿ ಬಂದಿದ್ರೆ ಜ್ವರ ಇರ್ಬೇಕಿತ್ತು, ಇಲ್ಲ. ಪ್ಲೇಟ್‌ಲೆಟ್ ಮತ್ತೆ ಬೀಳ್ಬೇಕಿತ್ತು, ಮೂರು ಲಕ್ಷ ಇದೆ. ಹಿಮೋಗ್ಲೋಬಿನ್ ಮಾತ್ರ ಹನ್ನೊಂದರಿಂದ ಆರಕ್ಕೆ ಬಿದ್ದಿದೆ. ಕೆಂಪುಕಣ ಒಡೀತಿವೆ. ಒಡೆಯೋಕೆ ಇನ್ನೊಂದು ಕಾರಣ ಇದೆ."

"ಏನದು?"

"ಆ ಇಂಜೆಕ್ಷನ್ ರೋಗಾಣುನ ಕಣದ ಒಳಗೇ ಕೊಲ್ಲತ್ತಲ್ಲ, ಹೊಟ್ಟೇಲಿರೋ ಗುಲ್ಮ ಆ ಹೆಣಾನ ಕಿತ್ತು ಹಾಕಿ ಕಣಾನ ಮತ್ತೆ ರಕ್ತಕ್ಕೆ ಬಿಡತ್ತೆ. ತೇಪೆ ಹಾಕಿದ ಕೊಡದ ಹಾಗೆ. ಒಂದೆರಡು ವಾರ ಬಾಳತ್ತೆ, ಆಮೇಲೆ ಎಲ್ಲಾ ಒಟ್ಟಿಗೆ ಒಡೆಯತ್ತೆ. ಮೊದಲ ಸಲ ರೋಗಾಣು ತುಂಬಾ ಇದ್ದೋರಿಗೆ ಹೀಗಾಗೋದುಂಟು."

"ಮತ್ತೆ ಕಾರ್ಡು?"

"ಕಾರ್ಡು ಹಿಡಿಯೋದು ರೋಗಾಣು ಬಿಟ್ಟು ಹೋದ ಪ್ರೋಟೀನ್. ಅದು ವಾರಗಟ್ಲೆ ರಕ್ತದಲ್ಲಿ ಉಳಿಯತ್ತೆ. ಹಾವು ಹೋದ್ರೂ ಮಣ್ಣಲ್ಲಿ ಗೆರೆ ಇರಲ್ವಾ, ಹಾಗೆ. ನಿಮಗೆ ಗೊತ್ತಿರೋದೇ."

ಗೊತ್ತಿತ್ತು. ಗೊತ್ತಿದ್ದದ್ದು ಅತ್ತೆಯ ತಲೆ ತೂತಿನೊಳಗೆ ಬಂದಾಗ ಹೊರಟುಹೋಗಿತ್ತು.

"ಆದ್ರೆ ನೀವು ಕಂಡಿದೆ ಅಂತ ಬರೆದಿದ್ದೀರಿ. ನಿಮ್ಮ ಕಣ್ಣು ನನ್ನದಕ್ಕಿಂತ ಪಳಗಿದ್ದು. ನೀವು ರೋಗಾಣು ಅಂದ್ರೆ ಮತ್ತೆ ಇಂಜೆಕ್ಷನ್ ಶುರು ಮಾಡ್ತೀನಿ, ನರ್ಸ್ ಸೀಸೆ ತೆಗೆದಿಟ್ಟಾಗಿದೆ. ಅಲ್ಲ ಅಂದ್ರೆ ಈಗಲೇ ರಕ್ತ ತರಿಸ್ಬೇಕು, ಅವನು ಉಸಿರಾಡೋಕೇ ಒದ್ದಾಡ್ತಿದ್ದಾನೆ. ಎರಡರಲ್ಲಿ ಒಂದು ಹೇಳಿ."

"ಒಂದು ನಿಮಿಷ ತಾಳಿ ಮೇಡಂ," ಎಂದಳು ಗಾಜಮ್ಮ.

ಗಾಜಿನ ಮೇಲೆ ಎಣ್ಣೆಯ ಹನಿ ಬಿಟ್ಟು ಅದೇ ಜಾಗ ಹಿಡಿದಳು. ಚುಕ್ಕೆ ಅಲ್ಲೇ ಇತ್ತು, ನೇರಳೆಯಾಗಿ, ಸೊಗಸಾಗಿ. ಸಣ್ಣ ತಿರುಗಣಿಯನ್ನು ಕೂದಲೆಳೆಯಷ್ಟು ತಿರುಗಿಸಿದಳು. ಕಣ ಮಸುಕಾಯಿತು, ಚುಕ್ಕೆ ಮಾತ್ರ ಸ್ಪಷ್ಟವಾಯಿತು. ಒಳಗಿದ್ದದ್ದಾದರೆ ಎರಡೂ ಒಟ್ಟಿಗೆ ಮಸುಕಾಗಬೇಕಿತ್ತು. ಇದು ಕಣದ ಬೆನ್ನ ಮೇಲೆ ಕೂತಿತ್ತು. ಸುತ್ತ ಬಿಳಿಯ ಅಂಚು. ನೀಲಿ ಉಂಗುರವಿಲ್ಲ, ಕೆಂಪು ಹರಳಿಲ್ಲ, ಬರೀ ಹುಡಿಹುಡಿ. ಪ್ಲೇಟ್‌ಲೆಟ್. ಅಂದು ಎಲ್ಲರೂ ಎಲೆ ಜಜ್ಜಿ ಕೂಗಿ ಕರೆದ ಅದೇ ಪ್ಲೇಟ್‌ಲೆಟ್, ಈಗ ಬಂದು ಕೆಂಪುಕಣದ ಮೇಲೆ ಕಾಲು ಚಾಚಿ ಕೂತು ಅವಳನ್ನು ಮಂಗ ಮಾಡಿತ್ತು. ಸುತ್ತ ನೋಡಿದರೆ ಗುಂಡುಗುಂಡಾಗಿ ಕುಗ್ಗಿದ ಕಣಗಳು, ನೀಲಿ ಛಾಯೆಯ ದೊಡ್ಡ ಎಳೆಗಣಗಳು. ಹಳೆಯವು ಒಡೆದು, ಮೂಳೆ ಅವಸರದಲ್ಲಿ ಹೊಸವನ್ನು ಅಟ್ಟುತ್ತಿರುವ ರಕ್ತ. ಎದ್ದು ಕಾಣುತ್ತಿದ್ದದ್ದನ್ನು ಬಿಟ್ಟು, ಅವಳು ಬೇಕಾದದ್ದನ್ನು ಕಂಡಿದ್ದಳು.

ಕಿಟಕಿಯಲ್ಲಿ ಅತ್ತೆಯ ತಲೆ ಮತ್ತೆ ಹಾಜರಾಗಿತ್ತು.

ಒಂದು ಮಾತು ಸಾಕಿತ್ತು. "ಹೌದು, ರೋಗಾಣುನೇ" ಎಂದಿದ್ದರೆ ಹುಡುಗಿ ನಂಬುತ್ತಿದ್ದಳು, ಇಷ್ಟು ವರ್ಷದ ಮರ್ಯಾದೆ ಕಪಾಟಿನಲ್ಲಿ ಭದ್ರವಾಗಿರುತ್ತಿತ್ತು. ಮೈದುನ ಮಾತ್ರ ಇರುತ್ತಿದ್ದನೋ ಇಲ್ಲವೋ.

"ನಾನು ಬರೆದಿದ್ದು ತಪ್ಪು ಮೇಡಂ," ಎಂದಳು. "ಅದು ರೋಗಾಣು ಅಲ್ಲ. ರಕ್ತ ತರಿಸಿ."

ಕಿಟಕಿಯಿಂದ ಅತ್ತೆಯ ದನಿ, ಮೆಲ್ಲಗೆ, ನಂಬಲಾರದೆ: "ಏನಂದೆ?"

"ತಪ್ಪು ಬರೆದೆ ಅಂದೆ ಅತ್ತೆ. ಆ ಕಾಗದ ಇಲ್ಲಿ ಕೊಡಿ, ಹೊಡೆದು ಹಾಕ್ತೀನಿ."

"ಇನ್ನೊಂದ್ಸಲ ಹೇಳು."

"ರಕ್ತ ಬಂದ್ಮೇಲೆ ಹೇಳ್ತೀನಿ, ದಾರಿ ಬಿಡಿ!"

ರಕ್ತನಿಧಿಯವರು ಒಂದು ಚೀಲ ಕೊಟ್ಟರೆ ಬದಲಿಗೆ ಒಬ್ಬರು ರಕ್ತ ಕೊಡಿ ಎಂದರು. ಎಲೆ ಜಜ್ಜಲು ನಾ ಮುಂದೆ ತಾ ಮುಂದೆ ಎಂದವರಿಗೆ ಆ ಗಳಿಗೆಯಲ್ಲೇ ಸಕ್ಕರೆ ಕಾಯಿಲೆ, ಬಿಪಿ, ತಲೆಸುತ್ತು, ಅರ್ಜೆಂಟು ಕೆಲಸ. ಸೂಜಿ ಕಂಡರೆ ಹೀಗೂ ರೋಗ ಹತ್ತುತ್ತದೆಂದು ಯಾವ ಪುಸ್ತಕದಲ್ಲೂ ಬರೆದಿರಲಾರರು. ಕೊನೆಗೆ ಮಲಗಿ ತೋಳು ಚಾಚಿದವಳು ಗಾಜಮ್ಮ. ಅಲ್ಲೂ ಸುಮ್ಮನಿರಲಿಲ್ಲ, ಸೂಜಿ ಚುಚ್ಚಿದವನಿಗೆ ಚುಚ್ಚುವುದು ಹೇಗೆಂದು ಪಾಠ ಮಾಡಿದಳು.

ಚೀಲದ ರಕ್ತ ಇಳಿಯುತ್ತಾ ಇಳಿಯುತ್ತಾ ಮೈದುನನ ಉಸಿರು ಹದಕ್ಕೆ ಬಂತು. ದಿನ ಕಳೆದಂತೆ ಮೂತ್ರ ತಿಳಿಯಾಯಿತು, ಕಣ್ಣಿನ ಹಳದಿ ಇಳಿಯಿತು, ಹಿಮೋಗ್ಲೋಬಿನ್ ಬೀಳುವುದು ನಿಂತು, ಆಮೇಲೆ ಏರಿತು. ಅತ್ತೆ ಈ ನಡುವೆ ಹಾಸಿಗೆಯಿಂದ ಹಾಸಿಗೆಗೆ ಹೋಗಿ, ಕೇಳಿದವರಿಗೂ ಕೇಳದವರಿಗೂ, "ನಮ್ಮ ಸೊಸೆ ತಪ್ಪು ಒಪ್ಕೊಂಡ್ಲು ಗೊತ್ತಾ? ಎಲ್ಲರೆದುರಿಗೇ!" ಎಂದು ಸುದ್ದಿ ಹಂಚಿದಳು. ಮಗ ಉಳಿದ ಸುದ್ದಿ ಅದರ ಹಿಂದೆ ಬಾಲದಂತೆ ಬರುತ್ತಿತ್ತು.

ಹುಡುಗ ಮನೆಗೆ ಹೋದ. ವಾರವಾಗಿಲ್ಲ, ಕಿಟಕಿಯಲ್ಲಿ ಮತ್ತೆ ಅದೇ ತಲೆ, ಅದೇ ಕೈ, ಹೊಸ ಕಾರ್ಡು.

"ಕಾಂಪೌಂಡರ್ ಮತ್ತೆ ನೋಡಿದ ಕಣೇ. ಎರಡನೇ ಗೆರೆ ಇನ್ನೂ ತೆಳ್ಳಗೆ ಇದೆ!"

ಗಾಜಮ್ಮ ಕೈಯಿಂದ ಕಾರ್ಡು ಕಿತ್ತುಕೊಂಡಳು, ನೋಡಲಿಲ್ಲ, ಬೋರಲು ಹಾಕಿದಳು. ಬೆಳಿಗ್ಗೆ ತಪಾಸಣೆಗೆ ಬಂದಿದ್ದ ಮೈದುನನ ಗಾಜು ಇನ್ನೂ ಮೈಕ್ರೋಸ್ಕೋಪಿನಲ್ಲೇ ಇತ್ತು. ಓದಿ ಮುಗಿಸಿದ್ದಳು, ಸ್ವಚ್ಛ.

"ಒಳಗೆ ಬನ್ನಿ ಅತ್ತೆ. ತಲೆ ಅಲ್ಲ, ಪೂರ್ತಿ ಬನ್ನಿ. ನೀವೇ ನೋಡಿ ಹೇಳಿ."

ಮುದುಕಿ ಸ್ಟೂಲು ಹತ್ತಿ ಕೂತಳು, ಸೆರಗು ಸರಿಮಾಡಿಕೊಂಡಳು, ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಕೊಳವೆಗೆ ಅಂಟಿಸಿದಳು. ತಲೆ ಅತ್ತಿತ್ತ ಆಡಿಸಿ ಹುಡುಕಿದಳು. ಆಮೇಲೆ ಕೂಗಿದಳು:

"ಕಂಡ್ತು! ಕಂಡ್ತು ಕಣೇ! ಕಪ್ಪಗೆ, ಉದ್ದುದ್ದ, ಕಡ್ಡಿ ಕಡ್ಡಿ! ಅಯ್ಯೋ, ಓಡಾಡ್ತಿವೆ! ಈಗೇನ್ ಹೇಳ್ತೀಯ?"

"ಸ್ವಲ್ಪ ಹಿಂದೆ ಸರೀರಿ ಅತ್ತೆ," ಎಂದಳು ಗಾಜಮ್ಮ. "ಅದು ನಿಮ್ಮ ರೆಪ್ಪೆ ಕೂದಲು."