ಎರಡನೇ ಪುಸ್ತಕದಲ್ಲಿ ಬದುಕಿದ್ದ ತಾಯಿ

ಮುಂಬಯಿಯ ಗೋರೆಗಾಂವ್‌ನ ಒಂದು ಆಫೀಸಿನಲ್ಲಿ ಸೂಪರ್‌ಹೀರೋ ಕಾಮಿಕ್ಸ್‌ಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಆ ವರ್ಷ ಕೈಗೆ ಬಂದದ್ದು ನಮ್ಮಪ್ಪ ಹುಟ್ಟುವ ಮೊದಲೇ ಶುರುವಾಗಿ ಇಂದಿಗೂ ತಿಂಗಳು ತಿಂಗಳು ಬರುತ್ತಿರುವ ಸರಣಿ. ಅದರಿಂದ ಆರಿಸಿದ ಐದು ಪುಸ್ತಕಗಳು.

ಹೊಸ ಸಂಪಾದಕರು ಪಠ್ಯಪುಸ್ತಕ ತಿದ್ದಿ ಬಂದವರು. ಒಂದು ಮಧ್ಯಾಹ್ನ ನನ್ನ ಮೇಜಿಗೇ ಬಂದರು.

"ಮೊದಲ ಪುಸ್ತಕದಲ್ಲಿ ಈ ನಾಯಕನ ತಾಯಿ ಬೆಂಕಿಯಲ್ಲಿ ಸತ್ತಿದ್ದಾಳೆ. ಎರಡನೆಯದರಲ್ಲಿ ಮಗನಿಗೆ ಊಟ ಬಡಿಸ್ತಿದ್ದಾಳೆ. 'ಚಿಕ್ಕಮ್ಮ' ಅಂತ ಮಾಡಿಬಿಡಿ ಮ್ಯಾಡಮ್."

"ಅದು ತಪ್ಪಲ್ಲ ಸರ್. ಅವಳು ಬೇರೆ ಭೂಮಿಯವಳು."

ಅವರು ನಕ್ಕರು. ನಾನು ಕುರ್ಚಿ ಎಳೆದುಕೊಟ್ಟು ವಿವರಿಸತೊಡಗಿದೆ. ಈ ವಿಷಯದಲ್ಲಿ ನನಗೆ ಅಳುಕಿರಲಿಲ್ಲ.

ನಾಯಕ ಮೊದಲು ಹಳೆಯ ಮಹಾಯುದ್ಧದಿಂದ ಮರಳಿದ ಸೈನಿಕ. ಲೆಕ್ಕದ ಪ್ರಕಾರ ಈಗವನು ಹಣ್ಣು ಮುದುಕನಾಗಬೇಕು, ಆದರೆ ಮಾರಾಟವಾಗುವುದು ಯುವಕನೇ. ಹಾಗಾಗಿ ಮೂಲ ಕಾಮಿಕ್ಸ್ ಕಂಪನಿ ಅದೇ ಹೆಸರಿನಲ್ಲಿ ಹೊಸಬನನ್ನು ಸೃಷ್ಟಿಸಿತು. ಹಳಬ ಎಲ್ಲಿ ಎಂದು ಓದುಗರು ಕೇಳಿದಾಗ, ಇನ್ನೊಂದು ಭೂಮಿಯಲ್ಲಿದ್ದಾನೆ ಎಂದರು. ಮುಚ್ಚಿಹೋದ ಕಂಪನಿಯೊಂದರ ನಾಯಕರನ್ನು ಕೊಂಡಾಗ ಅವರಿಗೂ ಒಂದು ಭೂಮಿ ಕೊಟ್ಟರು. ಕೊನೆಗೆ ಭೂಮಿಗಳು ಎಷ್ಟಾದವೆಂದರೆ, ಹೊಸದಾಗಿ ಓದಲು ಬಂದವನಿಗೆ ದಿಕ್ಕೇ ತೋಚದಾಯಿತು. ಆಗ ಒಂದು ಮಹಾಪ್ರಳಯದ ಕಥೆ ಬರೆದು ಎಲ್ಲವನ್ನೂ ಒಂದೇ ಭೂಮಿಯಾಗಿ ಬೆಸೆದು, ಸಂಚಿಕೆಗಳಿಗೆ ಮತ್ತೆ ಒಂದರಿಂದ ನಂಬರ್ ಹಾಕಿದರು. ಮೊದಲನೇ ಸಂಚಿಕೆ ಎಂದರೆ ಅಂಗಡಿಯಲ್ಲಿ ಬೇಗ ಖರ್ಚಾಗುತ್ತದೆ.

"ಅಲ್ಲಿಗೆ ಮುಗೀತಲ್ಲ?"

"ಇಲ್ಲ ಸರ್. ಚೆನ್ನಾಗಿ ಓಡುತ್ತಿದ್ದ ಸರಣಿಗಳನ್ನ ಮುಟ್ಟಲಿಲ್ಲ. ಅಲ್ಲಿನ ಪಾತ್ರಗಳು, ಹೊಸ ಲೆಕ್ಕದಲ್ಲಿ ನಡೆದೇ ಇಲ್ಲ ಅಂತಾದ ಘಟನೆಗಳನ್ನ ನೆನಪಿಸಿಕೊಳ್ತಾನೇ ಇದ್ದವು. ಆಮೇಲೆ ಬಂದ ಬರಹಗಾರರು ಚಿಕ್ಕಂದಿನಲ್ಲಿ ಮೆಚ್ಚಿದ್ದನ್ನ ವಾಪಸ್ ತಂದರು. ಭೂಮಿಗಳೂ ವಾಪಸ್ ಬಂದವು."

ಐದನೇ ಪುಸ್ತಕ ಬಿಚ್ಚಿ ಅವರ ಮುಂದಿಟ್ಟೆ. ತಾಯಿಯನ್ನು ಕಳೆದುಕೊಂಡ ನಾಯಕ ಇನ್ನೊಂದು ಭೂಮಿಗೆ ಹೋಗಿ ಮನೆಯ ಬಾಗಿಲು ತಟ್ಟುತ್ತಾನೆ. ಬಾಗಿಲು ತೆರೆಯುವವಳು ಎರಡನೇ ಪುಸ್ತಕದ ಆ ತಾಯಿ.

"ಇಲ್ಲಿ ಚಿಕ್ಕಮ್ಮ ಬಾಗಿಲು ತೆಗೆದರೆ ಕಥೆ ಎಲ್ಲಿರುತ್ತೆ?"

ಅವರು ಆ ಪುಟವನ್ನು ಎರಡು ಸಲ ಓದಿದರು. "ಸರಿ, ತಾಯಿಯೇ ಇರಲಿ. ಆದರೆ ಮೊದಲ ಸಲ ಓದೋರಿಗೆ ಇದೆಲ್ಲ ಹೇಗೆ ತಿಳೀಬೇಕು?"

ನಾನು ಆ ಕಡೆಯಿಂದ ಯೋಚಿಸಿಯೇ ಇರಲಿಲ್ಲ. ಇಬ್ಬರೂ ಕೂತು ಚಿಕ್ಕ ಮುನ್ನುಡಿ ಬರೆದೆವು. ಎರಡನೇ ಪುಸ್ತಕದ ಮೊದಲ ಚಿತ್ರದ ಮೇಲೆ 'ಇನ್ನೊಂದು ಭೂಮಿಯಲ್ಲಿ' ಎಂದು ಸೇರಿಸಿದೆವು.

ಕರಡನ್ನು ಚೆಂಬೂರಿನ ಮನೆಗೆ ಒಯ್ದು ಅತ್ತೆಗೆ ಕೊಟ್ಟೆ. ಧಾರವಾಡದವರು, ಕಾಮಿಕ್ಸ್ ಮುಟ್ಟಿದವರಲ್ಲ. ಭಾನುವಾರವಿಡೀ ಓದಿದರು. ಭೂಮಿಗಳ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಬಾಗಿಲು ತೆರೆದ ಪುಟಕ್ಕೆ ಬಂದಾಗ ಮಾತ್ರ ಕನ್ನಡಕ ತೆಗೆದರು.

"ಅಲ್ಲವ್ವಾ, ಇಂವ ತನ್ನ ಮಗಾ ಅಲ್ಲಂತ ಆಕಿಗೆ ಗೊತ್ತಾತೇನು?"

"ಮುಂದ ಓದ್ರಿ ಅತ್ತಿ," ಎಂದೆ.

ಮರುದಿನ ಸಂಪಾದಕರಿಗೆ, ಅತ್ತೆಗೆ ಎಲ್ಲೂ ದಿಕ್ಕು ತಪ್ಪಲಿಲ್ಲ, ಅವರು ಕೇಳಿದ್ದು ಆ ತಾಯಿಯ ಬಗ್ಗೆ ಮಾತ್ರ ಎಂದು ಹೇಳಿದೆ. ಅವರು ಅಂದೇ ಪುಸ್ತಕಗಳನ್ನು ಅಚ್ಚಿಗೆ ಕಳಿಸಿದರು.